ಚಾಟ್ ಮೆಸೇಜನ್ನು ಔಪಚಾರಿಕ ಇಮೇಲ್ ಮಾಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನೆರೆಹೊರೆಯವರು, ಸಹೋದ್ಯೋಗಿಗಳು, ಅವರ ಮಕ್ಕಳು ತಮ್ಮ ವಾಟ್ಸಾಪ್ ಮೆಸೇಜ್ ತೋರಿಸಿ "ಇದನ್ನೇ ಸ್ವಲ್ಪ ನೀಟಾಗಿ ಇಮೇಲ್ ಮಾಡಿಕೊಡಿ" ಎಂದು ಕೇಳುತ್ತಾರೆ. ಹೀಗೆ ಕೇಳುವಾಗ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಹೆಚ್ಚಿನವರು ತರುವುದು ಬಾಡಿಗೆ ಮನೆಯ ಅಡ್ವಾನ್ಸ್ ತಕರಾರು. ಅದಕ್ಕೇ ಉದಾಹರಣೆಯಾಗಿ ಅಂಥದ್ದೊಂದನ್ನೇ ಮೊದಲಿನಿಂದ ಕೊನೆಯವರೆಗೆ ಹಿಡಿದು ಹೋಗಿದ್ದೇನೆ.

## ಶುರು ಮಾಡುವವರಿಗೆ

ವಾಟ್ಸಾಪ್‌ನಲ್ಲಿ ಹೇಳಿದ್ದನ್ನೇ ಇಮೇಲ್‌ನಲ್ಲಿ ಮತ್ತೆ ಯಾಕೆ ಬರೀಬೇಕು? ಅವರು ಓದಿದ್ದಾರಲ್ಲ, ಬ್ಲೂ ಟಿಕ್ ಬಂದಿದೆ!

ಓದಿದ್ದಾರೆ ನಿಜ. ಆದರೆ ಚಾಟ್‌ನಲ್ಲಿ ಒಂದು ವಿಷಯ ಹತ್ತು ತುಂಡಾಗಿ ಬಿದ್ದಿರುತ್ತದೆ. ಹಣದ ಮಾತು ಸೋಮವಾರ, ಕೀಲಿಯ ಮಾತು ಗುರುವಾರ, ನಡುವೆ ಹಬ್ಬದ ಶುಭಾಶಯ, ಒಂದು ವಾಯ್ಸ್ ನೋಟ್. ನಿಮಗಿಬ್ಬರಿಗೆ ಹಿಂದುಮುಂದು ಗೊತ್ತಿರುವುದರಿಂದ ಅದು ಅರ್ಥವಾಗುತ್ತದೆ. ಮಾಲೀಕರ ಮಗನೋ, ಲೆಕ್ಕ ನೋಡಿಕೊಳ್ಳುವವರೋ, ಮುಂದೆ ಬೇಕಾದರೆ ವಕೀಲರೋ ಓದಿದರೆ ಏನೂ ತಿಳಿಯುವುದಿಲ್ಲ. ಹಿಂದಿನ ಮಾತುಕತೆ ಏನೂ ಗೊತ್ತಿಲ್ಲದ ಮೂರನೆಯವರಿಗೂ ಒಂದೇ ಸಲಕ್ಕೆ ಅರ್ಥವಾಗುವಂತೆ ಇಡೀ ವಿಷಯವನ್ನು ಒಂದೇ ಕಡೆ ಇಡುವುದು ಇಮೇಲ್‌ನ ಕೆಲಸ. ಬರೆಯುವಾಗ ಕಣ್ಣ ಮುಂದೆ ಇರಬೇಕಾದವರು ಆ ಮೂರನೆಯವರು.

ಶುರು ಎಲ್ಲಿಂದ ಮಾಡೋದು? ಮೆಸೇಜ್ ನೋಡಿದ್ರೆ ಎಲ್ಲಾ ಕಲಸುಮೇಲೋಗರ.

ಭಾಷೆ ತಿದ್ದುವುದನ್ನು ಮೊದಲಿಗೇ ಮಾಡಬೇಡಿ. ಮೊದಲು ಮೆಸೇಜ್‌ನಲ್ಲಿ ಏನೇನಿದೆ ಎಂದು ಬಿಡಿಸಿಕೊಳ್ಳಿ. ನಮ್ಮ ಪಕ್ಕದ ಬೀದಿಯ ಹುಡುಗನೊಬ್ಬ ಹಳೆಯ ಮನೆಯ ಮಾಲೀಕರಿಗೆ ಕಳಿಸಿದ್ದ ಮೆಸೇಜ್ ಇದು. ಅವರು ಮಗಳ ಮನೆಗೆಂದು ಹೊರದೇಶಕ್ಕೆ ಹೋಗಿದ್ದರು.

> ಅಂಕಲ್ ನಮಸ್ತೆ 🙏 ಮನೆ ಖಾಲಿ ಮಾಡಿ ಒಂದೂವರೆ ತಿಂಗಳಾಯ್ತು.. ಅಡ್ವಾನ್ಸ್ ಇನ್ನೂ ಪೂರ್ತಿ ಬಂದಿಲ್ಲ. 1 ಲಕ್ಷ ಬಂತು ಥ್ಯಾಂಕ್ಸ್. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ಳೋದು ಮೊದಲೇ ಮಾತಾಗಿತ್ತು ಓಕೆ. ಆದ್ರೆ ಮಿಕ್ಕಿದ್ದು? ಸಿಂಕ್ ಹತ್ರ ಟೈಲ್ಸ್ ಒಡೆದಿದೆಯಂತೆ ಆಂಟಿ ಫೋನಲ್ಲಿ ಹೇಳಿದ್ರು. ಅದು ನಾವು ಬಂದಾಗ್ಲೇ ಒಡೆದಿತ್ತು ಅನ್ಸುತ್ತೆ, ಫೋಟೋ ಇರ್ಬೇಕು ನೋಡ್ತೀನಿ. ತಂಗಿ ಕಾಲೇಜ್ ಫೀಸ್ 25ರೊಳಗೆ ಕಟ್ಬೇಕು. ಸ್ವಲ್ಪ ಬೇಗ ಹಾಕಿ ಅಂಕಲ್ ಪ್ಲೀಸ್

ಇದರಲ್ಲಿ ನಾಲ್ಕು ಬಗೆಯ ಸಂಗತಿಗಳಿವೆ. ನಡೆದುಹೋದದ್ದು ಒಂದು: ಮನೆ ಖಾಲಿ ಮಾಡಿದ್ದು, ಒಂದು ಲಕ್ಷ ಬಂದದ್ದು. ಇಬ್ಬರೂ ಒಪ್ಪಿದ್ದು ಇನ್ನೊಂದು: ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ. ಇನ್ನೂ ತೀರ್ಮಾನವಾಗದೆ ಉಳಿದದ್ದು ಮೂರನೆಯದು: ಟೈಲ್ಸ್. ಕೊನೆಗೆ ಕೋರಿಕೆ: ಬಾಕಿ ಹಣ, ಸಾಧ್ಯವಾದರೆ 25ರೊಳಗೆ. ಔಪಚಾರಿಕ ಇಮೇಲ್ ಸಾಗುವ ದಾರಿಯೂ ಬಹುತೇಕ ಇದೇ ಕ್ರಮದ್ದು. ಒಪ್ಪಿಗೆ ಇರುವುದನ್ನು ಮೊದಲು ಇಟ್ಟು, ತಕರಾರಿನದನ್ನು ಆಮೇಲೆ, ಕೋರಿಕೆಯನ್ನು ಕೊನೆಗೆ.

ಬಿಡಿಸಿಕೊಳ್ಳುವಾಗಲೇ ಮೆಸೇಜ್‌ನಲ್ಲಿ ಇಲ್ಲದ್ದೂ ಕಣ್ಣಿಗೆ ಬೀಳುತ್ತದೆ. ಒಟ್ಟು ಅಡ್ವಾನ್ಸ್ ಎಷ್ಟು? ಬಾಡಿಗೆ ಎಷ್ಟು? ಯಾವ ದಿನ ಖಾಲಿ ಮಾಡಿದ್ದು, ಕೀಲಿ ಯಾರ ಕೈಗೆ ಕೊಟ್ಟದ್ದು? ಇವನ್ನು ಊಹಿಸಿ ತುಂಬಬಾರದು, ಬರೆದವರನ್ನೇ ಕೇಳಬೇಕು. ಕೇಳಿದಾಗ ಹುಡುಗ ಹೇಳಿದ್ದು: ಅಡ್ವಾನ್ಸ್ 1,50,000 ರೂಪಾಯಿ, ಬಾಡಿಗೆ 15,000, ಖಾಲಿ ಮಾಡಿದ್ದು 2025ರ ಏಪ್ರಿಲ್ 30, ಅದೇ ದಿನ ಕೀಲಿಯನ್ನು ಆಂಟಿಯ ಕೈಗೆ ಕೊಟ್ಟದ್ದು, ಒಂದು ಲಕ್ಷ ಬಂದದ್ದು ಮೇ 9ರಂದು. ಹಾಗಾದರೆ ಬಾಕಿ 35,000. ಅಷ್ಟು ದಿನದಿಂದ ಮೆಸೇಜ್ ಕಳಿಸುತ್ತಿದ್ದರೂ ಆ ಅಂಕಿಯನ್ನು ಅವನು ಒಮ್ಮೆಯೂ ಬರೆದಿರಲಿಲ್ಲ. "ಮಿಕ್ಕಿದ್ದು" ಎಂದಷ್ಟೇ ಬರೆದಿದ್ದ.

"ನಿನ್ನೆ", "ಮುಂದಿನ ವಾರ", "ಒಂದೂವರೆ ತಿಂಗಳಾಯ್ತು" ಇವೆಲ್ಲ ಹಾಗೇ ಇರಬಹುದಾ?

ಬೇಡ, ತಾರೀಖು ಬರೆಯಿರಿ. ಇಮೇಲ್ ಯಾವಾಗ ಓದುತ್ತಾರೋ ಗೊತ್ತಿಲ್ಲ. ತಿಂಗಳ ಮೇಲೆ ಓದಿದವರಿಗೆ "ನಿನ್ನೆ" ಎಂದರೆ ಯಾವ ದಿನ? ದಿನಾಂಕ ನೆನಪಿಲ್ಲದಿದ್ದರೆ "ಮೇ ಎರಡನೇ ವಾರದಲ್ಲಿ" ಎಂದು ಗೊತ್ತಿರುವಷ್ಟನ್ನೇ ಬರೆದರೆ ಸಾಕು. ಅಂದಾಜನ್ನು ಖಚಿತ ತಾರೀಖಿನಂತೆ ಬರೆದರೆ, ಅದೊಂದು ತಪ್ಪು ತೋರಿಸಿ ಉಳಿದದ್ದನ್ನೆಲ್ಲ ಅಲ್ಲಗಳೆಯಲು ಎದುರಿನವರಿಗೆ ದಾರಿ ಸಿಗುತ್ತದೆ.

ಇಷ್ಟು ದಿನ ಅಂಕಲ್ ಅಂತಿದ್ದೆ. ಈಗ "ಮಾನ್ಯರೇ" ಅಂದ್ರೆ ಬೇಜಾರಾಗಲ್ವಾ?

ಆಗಬಹುದು. ನೆರೆಯವರಂತೆ ಇದ್ದವರಿಗೆ ಇದ್ದಕ್ಕಿದ್ದಂತೆ "ಮಾನ್ಯರೇ" ಎಂದು ಬಂದರೆ ಲಾಯರ್ ನೋಟಿಸ್ ಬಂದಂತೆ ಅನ್ನಿಸುತ್ತದೆ. ಹಾಗೆಂದು "ಅಂಕಲ್" ಎಂದು ಶುರುಮಾಡಿದರೆ ಮೂರನೆಯವರ ಕಣ್ಣಿಗೆ ಅದು ಸಲಿಗೆಯ ಚಾಟ್‌ನಂತೆಯೇ ಕಾಣುತ್ತದೆ. ನಾನು ಮಾಡುವುದು ಇಷ್ಟು: ಮೇಲೆ ಹೆಸರಿನ ಮುಂದೆ ಶ್ರೀ ಹಾಕಿ "ಅವರಿಗೆ" ಎಂದು ಬರೆದು, ಕೆಳಗೆ "ಮಾನ್ಯರೇ, ನಮಸ್ಕಾರ" ಎಂದು ಆರಂಭಿಸುತ್ತೇನೆ. ಆ 🙏 ಗುರುತಿಗೆ ಸರಿಯಾದ ಮಾತು ಈ ನಮಸ್ಕಾರವೇ. ಜೊತೆಗೆ ಅದೇ ಹೊತ್ತಿಗೆ ವಾಟ್ಸಾಪ್‌ನಲ್ಲಿ ಒಂದು ಸಾಲು ಕಳಿಸಲು ಹೇಳುತ್ತೇನೆ: "ಅಂಕಲ್, ಲೆಕ್ಕವೆಲ್ಲ ಒಂದೇ ಕಡೆ ಇರಲಿ ಅಂತ ಇಮೇಲ್ ಮಾಡಿದ್ದೀನಿ, ನೋಡಿ." ಸಲಿಗೆ ಚಾಟ್‌ನಲ್ಲಿ ಉಳಿಯುತ್ತದೆ, ಲೆಕ್ಕ ಇಮೇಲ್‌ನಲ್ಲಿ.

ಇಮೇಲ್‌ನ ಒಳಗೆ "ಆಂಟಿ" ಬಂದಲ್ಲಿ "ತಮ್ಮ ಪತ್ನಿಯವರು" ಅಥವಾ ಅವರ ಹೆಸರು ಬರಲಿ. "ತಮ್ಮ ಮನೆಯವರು" ಎಂದು ಬರೆಯುವುದು ರೂಢಿಯೇ, ಆದರೆ ಅದು ಹೆಂಡತಿ, ಗಂಡ, ಮಗ, ಸೊಸೆ ಯಾರಾದರೂ ಆಗಬಹುದು. ಕೀಲಿ ಯಾರ ಕೈ ಸೇರಿತು ಎಂಬ ಪ್ರಶ್ನೆ ಬಂದಾಗ ಅಷ್ಟು ಸಡಿಲ ಮಾತು ಸಾಲದು.

"ನೀವು" ಸಾಕಾ, "ತಾವು" ಬೇಕಾ?

ಎರಡೂ ಗೌರವದ ಮಾತೇ. ಹಿರಿಯರಿಗೆ ಬರೆಯುವಾಗ "ತಾವು" ಹಿತವಾಗಿ ಕೇಳಿಸುತ್ತದೆ. ಆದರೆ "ತಮ್ಮ" ಎಂಬುದು "ನಿಮ್ಮ" ಎಂಬರ್ಥದಲ್ಲೂ ಬರುತ್ತದೆ, "ಅವರವರ ಸ್ವಂತ" ಎಂಬರ್ಥದಲ್ಲೂ ಬರುತ್ತದೆ. "ತಮ್ಮ ಪತ್ನಿಯವರು ತಮ್ಮ ಖಾತೆಯಿಂದ ಹಣ ಕಳಿಸಿದರು" ಎಂದರೆ ಯಾರ ಖಾತೆ? ಮಾಲೀಕರದೋ, ಪತ್ನಿಯದೋ? ಇಂಥ ಕಡೆ ಖಾತೆ ಯಾರದೆಂದು ಹೆಸರು ಹಿಡಿದೇ ಬರೆಯಿರಿ. ಒಂದು ಇಮೇಲ್‌ನಲ್ಲಿ "ತಾವು" ಎಂದು ಶುರುಮಾಡಿ ನಡುವೆ "ನೀವು" ಎಂದು ಜಾರುವುದೂ ಬಹಳ ಕಾಣುತ್ತದೆ. ಸಿಟ್ಟು ಬಂದ ಸಾಲಿನಲ್ಲೇ ಹಾಗೆ ಜಾರುವುದು ಹೆಚ್ಚು, ಓದುವವರಿಗೆ ಅದು ತಟ್ಟನೆ ಗೊತ್ತಾಗುತ್ತದೆ. ಯಾವುದಾದರೂ ಒಂದನ್ನೇ ಕೊನೆಯವರೆಗೆ ಹಿಡಿಯಿರಿ.

## ಅರ್ಥ ಜಾರುವ ಜಾಗಗಳು

ಅಡ್ವಾನ್ಸ್‌ಗೆ ಕನ್ನಡದಲ್ಲಿ ಏನು ಬರೀಬೇಕು? ಮುಂಗಡ ಅಂದ್ರೆ ಸರಿನಾ?

ನಿಮ್ಮ ಬಾಡಿಗೆ ಕರಾರಿನಲ್ಲಿ ಯಾವ ಪದ ಇದೆಯೋ ಅದನ್ನೇ ಬರೆಯಿರಿ. ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ "ಅಡ್ವಾನ್ಸ್" ಎಂದರೆ ಖಾಲಿ ಮಾಡುವಾಗ ವಾಪಸ್ ಬರಬೇಕಾದ ಠೇವಣಿ. "ಮುಂಗಡ" ಎಂದು ಬರೆದರೆ, ಹಿನ್ನೆಲೆ ಗೊತ್ತಿಲ್ಲದವರು ಮುಂಚಿತವಾಗಿ ಕೊಟ್ಟ ಬಾಡಿಗೆ ಎಂದು ಓದಿಕೊಳ್ಳಬಹುದು. ಮುಂಚಿತ ಬಾಡಿಗೆ ತಿಂಗಳು ಕಳೆದಂತೆ ತೀರಿಹೋಗುವ ಹಣ, ಠೇವಣಿ ಹಾಗಲ್ಲ. ಕರಾರು ಕೈಯಲ್ಲಿಲ್ಲದಿದ್ದರೆ ಮೊದಲ ಸಲ "ವಾಪಸಾಗಬೇಕಾದ ಅಡ್ವಾನ್ಸ್ ಠೇವಣಿ" ಎಂದು ಬಿಡಿಸಿ ಬರೆದು, ಆಮೇಲೆ "ಅಡ್ವಾನ್ಸ್" ಎಂದೇ ಮುಂದುವರಿಸಿ.

ಇದಕ್ಕಿಂತ ದೊಡ್ಡ ತಪ್ಪು "ಲೀಸ್" ಎಂಬ ಪದದಲ್ಲಿ ಆಗುತ್ತದೆ. "ಮನೆ ಲೀಸ್‌ಗೆ ತಗೊಂಡಿದ್ವಿ" ಎಂದು ಇಲ್ಲಿನವರು ಹೇಳುವುದು ದೊಡ್ಡ ಮೊತ್ತ ಒಮ್ಮೆಗೇ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಅಷ್ಟೂ ಹಣ ವಾಪಸ್ ಪಡೆಯುವ ಪದ್ಧತಿಗೆ. ಅದಕ್ಕೆ ಕನ್ನಡದಲ್ಲಿ ಭೋಗ್ಯ ಎಂಬ ಹಳೆಯ, ಸರಿಯಾದ ಪದವಿದೆ. ನಿಘಂಟು ನೋಡಿ "ಗುತ್ತಿಗೆ" ಎಂದು ಬರೆದರೆ ಅರ್ಥವೇ ಬೇರೆಯಾಗುತ್ತದೆ. ಕೊಟ್ಟ ಹಣ ವಾಪಸಾಗಬೇಕು ಎಂಬ ಮುಖ್ಯ ಸಂಗತಿಯೇ ಆ ಪದದಲ್ಲಿಲ್ಲ.

ಉಳಿದಂತೆ ಪೇಂಟಿಂಗ್, ಟೈಲ್ಸ್, ಸಿಂಕ್ ಹಾಗೆಯೇ ಇರಲಿ. ಬಳಕೆಯ ಮಾತನ್ನು ಕಷ್ಟಪಟ್ಟು ಸಂಸ್ಕೃತ ಮಾಡಿದ್ದರಿಂದ ಯಾವ ಇಮೇಲೂ ಹೆಚ್ಚು ಔಪಚಾರಿಕವಾದದ್ದನ್ನು ನಾನು ನೋಡಿಲ್ಲ.

"ಅಂತೆ", "ಅನ್ಸುತ್ತೆ" ಇವೆಲ್ಲ ಆಡುಮಾತು ಅಲ್ವಾ? ತೆಗೆದುಹಾಕಿದ್ರೆ ಆಯ್ತಲ್ಲ?

ತೆಗೆಯಬೇಡಿ. ಅರ್ಥ ಹೆಚ್ಚಾಗಿ ಕೆಡುವುದು ಇಲ್ಲೇ.

ಕನ್ನಡದ "ಅಂತೆ" ಸುಮ್ಮನೆ ಬರುವ ಬಾಲವಲ್ಲ. "ಟೈಲ್ಸ್ ಒಡೆದಿದೆಯಂತೆ" ಎಂದರೆ "ನಾನು ನೋಡಿಲ್ಲ, ಬೇರೆಯವರು ಹೇಳಿದ್ದು" ಎಂದರ್ಥ. ಅದನ್ನು "ಸಿಂಕ್ ಬಳಿ ಟೈಲ್ಸ್ ಒಡೆದಿದೆ" ಎಂದು ಬರೆದ ಕೂಡಲೇ ಹುಡುಗ ತಾನೇ ಹಾನಿಯನ್ನು ಒಪ್ಪಿಕೊಂಡಂತೆ ಆಗುತ್ತದೆ. ಅಂಥ ಒಪ್ಪಿಗೆ ಮೂಲ ಮೆಸೇಜ್‌ನಲ್ಲಿ ಇರಲಿಲ್ಲ. ಔಪಚಾರಿಕ ಕನ್ನಡದಲ್ಲಿ "ಅಂತೆ" ಕೆಲಸವನ್ನು "ಎಂದು ಇಂಥವರು ತಿಳಿಸಿದರು" ಎಂಬುದು ಮಾಡುತ್ತದೆ. ಯಾರು, ಯಾವಾಗ, ಹೇಗೆ ಹೇಳಿದರು ಎಂಬುದೂ ಸೇರಬೇಕು: "ಸಿಂಕ್ ಬಳಿ ಟೈಲ್ಸ್ ಒಡೆದಿದೆ ಎಂದು ತಮ್ಮ ಪತ್ನಿಯವರು ಫೋನಿನಲ್ಲಿ ತಿಳಿಸಿದರು." "ಒಡೆದಿದೆ ಎಂದು ತಿಳಿದುಬಂದಿದೆ" ಎಂಬ ಕಚೇರಿ ಶೈಲಿ ಇಲ್ಲಿ ಬೇಡ. ಕೇಳಿದ್ದೋ, ಪರಿಶೀಲಿಸಿ ಕಂಡುಕೊಂಡದ್ದೋ ಎಂಬುದು ಅದರಿಂದ ಗೊತ್ತಾಗುವುದಿಲ್ಲ.

"ಅನ್ಸುತ್ತೆ" ಇನ್ನೊಂದು ಬಗೆ. "ನಾವು ಬಂದಾಗ್ಲೇ ಒಡೆದಿತ್ತು ಅನ್ಸುತ್ತೆ" ಎನ್ನುವಾಗ ಅವನಿಗೆ ಪೂರ್ತಿ ಖಾತ್ರಿಯಿಲ್ಲ. ಮೊದಲ ಕರಡನ್ನು ಅವನೇ ಬರೆದಾಗ ಅದು "ನಾವು ಪ್ರವೇಶಿಸುವ ಮುನ್ನವೇ ಟೈಲ್ಸ್ ಒಡೆದಿತ್ತು ಎಂಬುದು ಸ್ಪಷ್ಟ" ಎಂದಾಗಿತ್ತು. ಗಟ್ಟಿ ಭಾಷೆ ಬರೆಯುವ ಭರದಲ್ಲಿ ಅನುಮಾನವೇ ಸಾಕ್ಷ್ಯವಾಗಿಬಿಟ್ಟಿತ್ತು. ಫೋಟೊ ಸಿಗದೆ ಹೋದರೆ ಏನು ಮಾಡುತ್ತೀ ಎಂದು ಕೇಳಿದೆ. ಕೊನೆಗೆ "ನನಗೆ ನೆನಪಿರುವಂತೆ, ನಾವು ಮನೆಗೆ ಬಂದಾಗಲೇ ಅದು ಒಡೆದಿತ್ತು" ಎಂದು ಬರೆದೆವು. "ನೆನಪಿರುವಂತೆ" ಎನ್ನುವುದು ಔಪಚಾರಿಕವೂ ಹೌದು, ಪ್ರಾಮಾಣಿಕವೂ ಹೌದು.

"ಫೋಟೋ ಇರ್ಬೇಕು" ಎಂಬಲ್ಲಿನ "ಬೇಕು" ಕೂಡ ಊಹೆಯದೇ. ಅದು "ಫೋಟೊ ಇದೆ" ಅಲ್ಲ, "ಲಗತ್ತಿಸಿದೆ" ಅಂತೂ ಅಲ್ಲವೇ ಅಲ್ಲ. ಇದೇ ಎಚ್ಚರ ಪದದ ಆಯ್ಕೆಗೂ ಬೇಕು. "ಒಡೆದಿತ್ತು" ಎಂದವನ ಮಾತನ್ನು "ಬಿರುಕು ಬಿಟ್ಟಿತ್ತು" ಎಂದು ಮೆದು ಮಾಡಿದರೆ, ಬಿರುಕು ಇದ್ದದ್ದು ನಿಮ್ಮ ಕಾಲದಲ್ಲಿ ಒಡೆಯಿತು ಎಂದು ಮಾಲೀಕರು ಹೇಳಬಹುದು.

ಹಣ "ಬಂದಿಲ್ಲ" ಅನ್ನೋದಕ್ಕೂ "ನೀವು ಕೊಟ್ಟಿಲ್ಲ" ಅನ್ನೋದಕ್ಕೂ ಏನು ವ್ಯತ್ಯಾಸ?

ದೊಡ್ಡ ವ್ಯತ್ಯಾಸವಿದೆ. "ಬಂದಿಲ್ಲ", "ಆಗಿಲ್ಲ" ಎಂದರೆ ನಡೆದ ಸಂಗತಿಯನ್ನು ಹೇಳುತ್ತೀರಿ. "ಕೊಟ್ಟಿಲ್ಲ", "ಮಾಡಿಲ್ಲ" ಎಂದರೆ ಒಬ್ಬರತ್ತ ಬೆರಳು ತೋರಿಸುತ್ತೀರಿ. "ತಡೆಹಿಡಿದಿದ್ದೀರಿ" ಎಂದರೆ ಬೇಕೆಂದೇ ಮಾಡಿದ್ದೀರಿ ಎಂಬ ಆರೋಪವೂ ಸೇರುತ್ತದೆ. ಚಾಟ್‌ನಲ್ಲಿ ಹುಡುಗ "ಬಂದಿಲ್ಲ" ಎಂದಷ್ಟೇ ಬರೆದಿದ್ದ. ಔಪಚಾರಿಕ ಮಾಡುವಾಗ ತೂಕವಾಗಿ ಕೇಳಿಸುತ್ತದೆ ಎಂದು "ತಡೆಹಿಡಿಯಲಾಗಿದೆ" ಎಂಬ ಪದ ತಂದರೆ ಜಗಳದ ಮಟ್ಟವೇ ಏರುತ್ತದೆ. "ಬಾಕಿ ನನ್ನ ಖಾತೆಗೆ ಬಂದಿಲ್ಲ" ಎಂದರೆ ಸಾಕು.

ಉಲ್ಟಾ ತಪ್ಪೂ ಆಗುತ್ತದೆ. "ನಾವು ಕೀಲಿ ಕೊಟ್ವಿ" ಎಂಬುದನ್ನು "ಕೀಲಿಯನ್ನು ಹಸ್ತಾಂತರಿಸಲಾಗಿದೆ" ಎಂದು ಬರೆದರೆ ಯಾರು ಯಾರಿಗೆ ಕೊಟ್ಟರು ಎಂಬುದೇ ಕಾಣೆಯಾಗುತ್ತದೆ. "ಲಾಗಿದೆ" ಎಂದು ಮುಗಿಯುವ ವಾಕ್ಯ ಕಂಡಾಗಲೆಲ್ಲ ನಿಂತು, ಇದನ್ನು ಮಾಡಿದವರು ಯಾರು ಎಂದು ಕೇಳಿಕೊಳ್ಳಿ. ಉತ್ತರ ಗೊತ್ತಿದ್ದರೆ ಅದನ್ನೇ ಬರೆಯಿರಿ.

"ಸ್ವಲ್ಪ ಬೇಗ ಹಾಕಿ ಪ್ಲೀಸ್" ಇದನ್ನ ಹೇಗೆ ಬರೆಯೋದು? ಕೋರಿಕೆ ಆದೇಶದ ಹಾಗೆ ಆಗಬಾರದು.

ಇಲ್ಲಿನ "ಸ್ವಲ್ಪ" ಅಳತೆಯದಲ್ಲ, ಮಾತನ್ನು ಮೆದು ಮಾಡಲು ಬಂದದ್ದು. ಆ ಮೆದುತನವನ್ನು ಕ್ರಿಯಾಪದದಲ್ಲಿ ತರಬೇಕು. "ಪಾವತಿಸತಕ್ಕದ್ದು" ಎಂಬುದು ಕರಾರು, ಕಾನೂನಿನ ಭಾಷೆ. "ಪಾವತಿಸಬೇಕು" ಕಟ್ಟುನಿಟ್ಟು. "ಪಾವತಿಸಬೇಕಾಗಿ ವಿನಂತಿ" ಕೋರಿಕೆ, ಆದರೆ ಹಕ್ಕಿನ ದನಿ ಇದೆ. "ಪಾವತಿಸಿದರೆ ಉಪಕಾರವಾಗುತ್ತದೆ" ಎಂದರೆ ಎದುರಿನವರ ಮರ್ಜಿಗೆ ಬಿಟ್ಟಂತೆ. ಹುಡುಗನ ಮೆಸೇಜ್‌ನಲ್ಲಿ ಎರಡು ಕೋರಿಕೆಗಳು ಬೆರೆತಿದ್ದವು. ಹಣ ವಾಪಸ್ ಕೊಡಿ ಎಂಬುದು ಅವನ ಹಕ್ಕು, 25ರೊಳಗೆ ಕೊಡಿ ಎಂಬುದು ಅವನ ಅನುಕೂಲ. ಮೊದಲನೆಯದಕ್ಕೆ "ವಿನಂತಿ", ಎರಡನೆಯದಕ್ಕೆ "ಉಪಕಾರವಾಗುತ್ತದೆ" ಎಂದು ಬೇರೆ ಬೇರೆ ಬರೆದೆವು. ಒಂದೇ ವಾಕ್ಯಕ್ಕೆ ತುರುಕಿ "25ರೊಳಗೆ ಪಾವತಿಸಬೇಕು" ಎಂದಿದ್ದರೆ ಇಲ್ಲದ ಗಡುವೊಂದು ಹುಟ್ಟುತ್ತಿತ್ತು. "ಪಾವತಿಸಿದರೆ ಉಪಕಾರ" ಎಂದಷ್ಟೇ ಬರೆದಿದ್ದರೆ ಅವನ ಸ್ವಂತ ಹಣ ಬೇಡಿಕೊಂಡಂತಾಗುತ್ತಿತ್ತು.

ತಂಗಿ ಫೀಸ್ ವಿಷಯ ಪರ್ಸನಲ್. ಅದನ್ನ ಬಿಡ್ಬೇಕಾ?

ಅದು ಏನಾದರೂ ಕೆಲಸ ಮಾಡುತ್ತಿದ್ದರೆ ಇಡಿ. ಇಲ್ಲಿ ಅದು 25ನೇ ತಾರೀಖು ಯಾಕೆ ಎಂಬುದಕ್ಕೆ ಕಾರಣ. ಹಾಗಾಗಿ ಒಂದು ವಾಕ್ಯ ಇರಲಿ, ಅದಕ್ಕೆ ಇನ್ನಷ್ಟು ಕಷ್ಟಸುಖ ಸೇರಿಸುವುದು ಬೇಡ. ಬರೆದವರೇ ಬೇಡವೆಂದರೆ ತೆಗೆದುಬಿಡಿ.

ಪೂರ್ತಿ ಇಮೇಲ್ ಹೇಗಿರುತ್ತೆ, ಒಮ್ಮೆ ತೋರಿಸ್ತೀರಾ?

ಕೊನೆಗೆ ಹೋದದ್ದು ಇದು. ಹೆಸರು, ವಿಳಾಸ ತೆಗೆದಿದ್ದೇನೆ.

> ವಿಷಯ: ಎರಡನೇ ಮಹಡಿ ಮನೆಯ ಅಡ್ವಾನ್ಸ್ ಬಾಕಿ ₹35,000 ಕುರಿತು
>
> ಮಾನ್ಯರೇ,
>
> ನಮಸ್ಕಾರ. ತಮ್ಮ ಕಟ್ಟಡದ ಎರಡನೇ ಮಹಡಿಯ ಮನೆಯನ್ನು ನಾವು 30-04-2025ರಂದು ಖಾಲಿ ಮಾಡಿ, ಅದೇ ದಿನ ಕೀಲಿಯನ್ನು ತಮ್ಮ ಪತ್ನಿಯವರಿಗೆ ಕೊಟ್ಟಿದ್ದೇವೆ. ವಾಪಸಾಗಬೇಕಾದ ಅಡ್ವಾನ್ಸ್ ಠೇವಣಿಯಲ್ಲಿ ಒಂದು ಲಕ್ಷ ರೂಪಾಯಿ ಬಂದಿದೆ, ಧನ್ಯವಾದಗಳು. ಉಳಿದ ಲೆಕ್ಕ ಹೀಗಿದೆ:
>
> ಕೊಟ್ಟಿದ್ದ ಅಡ್ವಾನ್ಸ್: ₹1,50,000
> 09-05-2025ರಂದು ನನ್ನ ಖಾತೆಗೆ ಬಂದದ್ದು: ₹1,00,000
> ಪೇಂಟಿಂಗ್‌ಗೆ, ಮೊದಲೇ ಮಾತಾಗಿದ್ದಂತೆ ಒಂದು ತಿಂಗಳ ಬಾಡಿಗೆ: ₹15,000
> ಬಾಕಿ: ₹35,000
>
> ಅಡುಗೆಮನೆಯ ಸಿಂಕ್ ಬಳಿ ಟೈಲ್ಸ್ ಒಡೆದಿದೆ ಎಂದು ತಮ್ಮ ಪತ್ನಿಯವರು ಫೋನಿನಲ್ಲಿ ತಿಳಿಸಿದರು. ನನಗೆ ನೆನಪಿರುವಂತೆ, ನಾವು ಮನೆಗೆ ಬಂದಾಗಲೇ ಅದು ಒಡೆದಿತ್ತು. ಆಗಿನ ಫೋಟೊಗಳನ್ನು ಹುಡುಕುತ್ತಿದ್ದೇನೆ, ಸಿಕ್ಕರೆ ಕಳಿಸುತ್ತೇನೆ. ಬಾಕಿ ಉಳಿಯಲು ಇದೇ ಕಾರಣವೇ ಎಂಬುದನ್ನು ತಿಳಿಸಿ.
>
> ಬಾಕಿ ₹35,000 ಅನ್ನು ಮೊದಲಿನ ಖಾತೆಗೇ ಕಳಿಸಿಕೊಡಬೇಕಾಗಿ ವಿನಂತಿ. ಇದೇ ತಿಂಗಳ 25ರೊಳಗೆ ತಂಗಿಯ ಕಾಲೇಜು ಶುಲ್ಕ ಕಟ್ಟಬೇಕಾಗಿದೆ. ಅದಕ್ಕೆ ಮೊದಲು ಹಣ ಬಂದರೆ ಉಪಕಾರವಾಗುತ್ತದೆ.
>
> ಇಂತಿ ತಮ್ಮ ವಿಶ್ವಾಸಿ,
> (ಹೆಸರು, ಮೊಬೈಲ್ ಸಂಖ್ಯೆ)
> 14-06-2025

ದಿನಾಂಕ, ಮೊತ್ತದಂಥ ವಿವರಗಳಲ್ಲದೆ ಇನ್ನೂ ಎರಡು ಕಡೆ ಮೂಲದಲ್ಲಿ ಇಲ್ಲದ್ದು ಸೇರಿದೆ. "ಇದೇ ಕಾರಣವೇ" ಎಂಬ ಪ್ರಶ್ನೆ ಒಂದು, "ಮೊದಲಿನ ಖಾತೆಗೇ" ಎಂಬುದು ಇನ್ನೊಂದು. ಎರಡನ್ನೂ ಹುಡುಗನನ್ನು ಕೇಳಿಯೇ ಹಾಕಿದೆವು. ಟೈಲ್ಸ್‌ಗಾಗಿಯೇ ಹಣ ನಿಂತಿದೆ ಎಂದು ಮೆಸೇಜ್‌ನಲ್ಲಿ ಎಲ್ಲೂ ಇರಲಿಲ್ಲ. ಎರಡು ಸಂಗತಿ ಅಕ್ಕಪಕ್ಕ ಬಂದಿದ್ದವು, ಅಷ್ಟೇ. "ಆದ್ದರಿಂದ" ಹಾಕಿ ನಾವೇ ಅವನ್ನು ಜೋಡಿಸಿದ್ದರೆ, ಟೈಲ್ಸ್‌ಗೆ ಹಣ ಹಿಡಿಯಬಹುದು ಎಂದು ನಾವೇ ದಾರಿ ತೋರಿಸಿದಂತಾಗುತ್ತಿತ್ತು.

"ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂಬ ಸಾಲು ಇಲ್ಲಿಲ್ಲದ್ದನ್ನು ಗಮನಿಸಿರಬಹುದು. ಅರ್ಜಿಗಳಲ್ಲಿ ಅದು ರೂಢಿ, ಬರೆದರೆ ತಪ್ಪೇನಿಲ್ಲ. ಆದರೆ ಫೋನಿನಲ್ಲಿ ಇಮೇಲ್ ತೆರೆದವರಿಗೆ ಮೊದಲು ಕಾಣುವುದು ಎರಡು ಮೂರು ಸಾಲು ಮಾತ್ರ. ಆ ಜಾಗ ದಿನಾಂಕಕ್ಕೂ ಹಣಕ್ಕೂ ಸಿಗಲಿ.

## ಸ್ವಲ್ಪ ಆಳಕ್ಕೆ ಹೋದವರಿಗೆ

ಓನರ್ ಚಾಟ್‌ನಲ್ಲಿ "ಕೊಡೋಣ ಬಿಡಿ" ಅಂದಿದ್ರು. ಇದನ್ನ "ಒಪ್ಪಿಕೊಂಡಿದ್ದೀರಿ" ಅಂತ ಬರೀಬಹುದಾ?

ಬರೆಯಬೇಡಿ. "ಕೊಡುತ್ತೇನೆ" ಎನ್ನುವುದು ಮಾತು ಕೊಟ್ಟಂತೆ. "ಕೊಡೋಣ", "ನೋಡೋಣ" ಅಷ್ಟು ಗಟ್ಟಿಯಲ್ಲ. "ಬಿಡಿ" ಸೇರಿದರಂತೂ ಈಗ ಆ ಮಾತು ಬೇಡ ಎಂಬ ಧ್ವನಿಯೂ ಇರುತ್ತದೆ. ಇವನ್ನು ಗ್ರಾಂಥಿಕ ಕನ್ನಡಕ್ಕೆ ತಿರುಗಿಸಲು ಹೋದರೆ ಒಂದೋ ಹೆಚ್ಚಾಗುತ್ತದೆ, ಇಲ್ಲವೇ ಕಡಿಮೆಯಾಗುತ್ತದೆ. ಎದುರಿನವರ ಮಾತನ್ನು ಉದ್ಧರಣೆಯಲ್ಲಿ ಇದ್ದಂತೆಯೇ ಇಡುವುದು ಕ್ಷೇಮ: 'ಮೇ 20ರ ವಾಟ್ಸಾಪ್ ಸಂದೇಶದಲ್ಲಿ ತಾವು "ಕೊಡೋಣ ಬಿಡಿ" ಎಂದು ಬರೆದಿದ್ದಿರಿ.' ನಿಮ್ಮ ಮಾತನ್ನು ನೀವು ಔಪಚಾರಿಕ ಮಾಡಿಕೊಳ್ಳಬಹುದು, ಅವರ ಮಾತನ್ನು ತಿದ್ದುವ ಹಕ್ಕು ನಮಗಿಲ್ಲ.

👍 ಗುರುತಿಗೂ ಇದೇ ಮಾತು. ಕೆಲವರಿಗೆ ಅದು "ಒಪ್ಪಿದೆ", ಕೆಲವರಿಗೆ "ಓದಿದೆ" ಅಷ್ಟೇ. "ಖಾಲಿ ಮಾಡುವ ದಿನಾಂಕ ತಿಳಿಸಿದ ಸಂದೇಶಕ್ಕೆ ತಾವು 👍 ಗುರುತು ಕಳಿಸಿದ್ದಿರಿ" ಎಂದು ನಡೆದದ್ದನ್ನು ಬರೆದು, ಆ ಚಾಟ್‌ನ ಸ್ಕ್ರೀನ್‌ಶಾಟ್ ಲಗತ್ತಿಸಿ.

ಮೆಸೇಜ್ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡ. ಅದನ್ನ ತಿರುಗಿಸುವಾಗ ಏನು ನೋಡ್ಬೇಕು?

ಕಾಲ ಮತ್ತು ಯಾರು ಎಂಬುದು. `hakidini` ಎಂದರೆ ಹಾಕಿದ್ದೇನೆ, `haktini` ಎಂದರೆ ಹಾಕುತ್ತೇನೆ. ಹಣದ ವಿಷಯದಲ್ಲಿ ಈ ಒಂದೆರಡು ಅಕ್ಷರದ ನಡುವೆ ಪೂರ್ತಿ ಮೊತ್ತವೇ ಇದೆ. `kodtini`, `kodtivi` ಎಂಬಲ್ಲಿ ನಾನು, ನಾವು ಎಂಬ ಭೇದ ಒಂದೇ ಅಕ್ಷರದ್ದು. ಕನ್ನಡದಲ್ಲಿ ಕರ್ತೃಪದ ಬಿಟ್ಟೇ ಮಾತಾಡುವುದರಿಂದ ಆ ಕೊನೆಯ ಅಕ್ಷರವೇ ಎಲ್ಲವನ್ನೂ ಹೇಳಬೇಕು. ಅವಸರದಲ್ಲಿ ಟೈಪ್ ಮಾಡಿದ್ದರೆ ಅದನ್ನೂ ನಂಬುವಂತಿಲ್ಲ, ಕೇಳಿಯೇ ಬರೆಯಬೇಕು. "ನಾನು" ಎಂದು ಬರೆಯುವ ಮುಂಚೆ ಕರಾರು ಯಾರ ಹೆಸರಿನಲ್ಲಿದೆ ಎಂದೂ ನೋಡಿಕೊಳ್ಳಿ. ಕರಾರು ಅಪ್ಪನ ಹೆಸರಲ್ಲಿದ್ದರೆ ಇಮೇಲ್ ಅಪ್ಪನ ಹೆಸರಿನಿಂದಲೇ ಹೋಗಬೇಕು.

ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ ತಂದು ಇಮೇಲ್‌ಗೆ ಪೇಸ್ಟ್ ಮಾಡಿದೆ, ಅವರಿಗೆ ಏನೇನೋ ಅಕ್ಷರ ಹೋಗಿದೆ. ಯಾಕೆ?

`PÀ£ÀßqÀ` ಎಂಬಂತೆ ಕಂಡಿದ್ದರೆ ಅದು "ಕನ್ನಡ" ಎಂಬ ಪದವೇ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಆದದ್ದು, ಯೂನಿಕೋಡ್ ಅಲ್ಲ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಸರಿಯಾಗಿ ಕಾಣುತ್ತದೆ, ಇಮೇಲ್‌ಗೆ ಹಾಕಿದರೆ ಚೆದುರುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ ಕೊಡಿ ಎಂದು ಅಂಗಡಿಯವರನ್ನೇ ಕೇಳಿ, ಇಲ್ಲವೇ ಪಿಡಿಎಫ್ ಮಾಡಿಸಿ ಲಗತ್ತಿಸಿ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಒಂದೊಂದಾಗಿ ನೋಡಿ. ಕಳಿಸುವ ಮುಂಚೆ ನಿಮ್ಮದೇ ಇನ್ನೊಂದು ವಿಳಾಸಕ್ಕೆ ಕಳಿಸಿ ಫೋನಿನಲ್ಲಿ ತೆರೆದು ಓದಿ.

ಅರ್ಥ ಬದಲಾಗಿಲ್ಲ ಅಂತ ನಮಗೆ ಹೇಗೆ ಗೊತ್ತಾಗುತ್ತೆ?

ಮೂಲ ಮೆಸೇಜ್ ಓದಿರದ ಮನೆಯವರೊಬ್ಬರಿಗೆ ಇಮೇಲ್ ಮಾತ್ರ ಕೊಟ್ಟು, "ಇದರಲ್ಲಿ ಏನಂತ ಬರೆದಿದೆ, ನಿಮ್ಮ ಮಾತಲ್ಲಿ ಹೇಳಿ" ಎಂದು ಕೇಳಿ. ಅವರು ಆಡುಮಾತಿನಲ್ಲಿ ಹೇಳಿದ್ದನ್ನು ಮೂಲ ಮೆಸೇಜ್ ಪಕ್ಕದಲ್ಲಿಟ್ಟು ನೋಡಿ. ಹುಡುಗನ ಮೊದಲ ಕರಡನ್ನು ಅವನ ಅಮ್ಮನಿಗೆ ಕೊಟ್ಟಾಗ ಅವರು ಹೇಳಿದ್ದು: "ಟೈಲ್ಸ್ ಒಡೆದಿದೆ ಅಂತ ಒಪ್ಕೊಂಡಿದ್ದೀಯ, ಆದ್ರೆ ನಾವಲ್ಲ ಅಂತಿದ್ದೀಯ. 25ರೊಳಗೆ ಕೊಡ್ಲೇಬೇಕು ಅಂತ ಗಡುವು ಹಾಕಿದ್ದೀಯ." ಮೂಲದಲ್ಲಿ ಒಪ್ಪಿಗೆಯೂ ಇರಲಿಲ್ಲ, ಗಡುವೂ ಇರಲಿಲ್ಲ. ಎರಡನೇ ಕರಡು ಓದಿದ ಮೇಲೆ "ಆಂಟಿ ಹೇಳಿದ್ರು ಅಂತ ಬರೆದಿದ್ದೀಯ, ನಿನಗೆ ಮೊದಲೇ ಒಡೆದಿದ್ದ ನೆನಪು, 25ಕ್ಕೆ ಮುಂಚೆ ಆದ್ರೆ ಅನುಕೂಲ" ಎಂದರು. ಅದು ಮೂಲದ ಮಾತೇ. ಆಮೇಲೆ ಕಳಿಸಿದೆವು.

ಕೇಳಲು ಯಾರೂ ಇಲ್ಲದಿದ್ದರೆ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಎದುರಿನವರ ಜಾಗದಲ್ಲಿ ಕುಳಿತು ಓದಿ. ಪ್ರತಿ ವಾಕ್ಯಕ್ಕೂ "ಇದನ್ನು ನಾನು ಚಾಟ್‌ನಲ್ಲಿ ಹೇಳಿದ್ದೆನಾ?" ಎಂದು ಕೇಳಿಕೊಳ್ಳಿ.

ಇಂಥ ಇಮೇಲ್‌ಗೆ ಕಾನೂನಿನಲ್ಲಿ ಬೆಲೆ ಇದೆಯಾ?

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ದಾಖಲೆಗಳನ್ನು ಮಾನ್ಯ ಮಾಡುತ್ತದೆ. ಹಾಗಾಗಿ ಇಮೇಲ್ ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ನೋಟಿಸನ್ನು ಅಂಚೆಯಲ್ಲೇ ಕಳಿಸಬೇಕೆಂದು ನಿಮ್ಮ ಕರಾರಿನಲ್ಲಿ ಬರೆದಿದ್ದರೆ ಅಂಚೆಯಲ್ಲೂ ಕಳಿಸಬೇಕು. ವಿಷಯ ನ್ಯಾಯಾಲಯಕ್ಕೆ ಹೋಗುವಂತಿದ್ದರೆ ಮುಂದಿನ ಪತ್ರವನ್ನು ವಕೀಲರು ಬರೆಯಲಿ. ಮೂಲ ಚಾಟ್ ಅಳಿಸಬೇಡಿ, ಫೋನ್ ಬದಲಿಸುವಾಗ ಅದರ ಪ್ರತಿ ಉಳಿಸಿಕೊಳ್ಳಿ.

ಇಮೇಲ್ ಕಳಿಸಿದೆ, ಅವರು ಮತ್ತೆ ಫೋನ್ ಮಾಡಿ ಮಾತಾಡಿದ್ರು. ಈಗ ಏನು ಮಾಡ್ಲಿ?

ಹುಡುಗನಿಗೂ ಹಾಗೇ ಆಯಿತು. ಮಾಲೀಕರು ಮರುದಿನ ಫೋನ್ ಮಾಡಿ, ಟೈಲ್ಸ್ ರಿಪೇರಿಗೆ ಎಷ್ಟಾಗುತ್ತದೆ ಎಂದು ವಿಚಾರಿಸಿ ಹೇಳುತ್ತೇನೆ, ಉಳಿದದ್ದು ಈ ವಾರ ಹಾಕುತ್ತೇನೆ ಎಂದರು. ಮಾತು ಮುಗಿದ ಕೂಡಲೇ, ನೆನಪು ಹಸಿಯಾಗಿರುವಾಗಲೇ ಅದೇ ಇಮೇಲ್‌ಗೆ ಉತ್ತರವಾಗಿ ಎರಡು ಸಾಲು ಬರೆಸಿದೆ:

> ಮಾನ್ಯರೇ, ಇಂದು (15-06-2025) ಬೆಳಿಗ್ಗೆ ಫೋನಿನಲ್ಲಿ ಮಾತನಾಡಿದ್ದಕ್ಕೆ ಧನ್ಯವಾದಗಳು. ಟೈಲ್ಸ್ ರಿಪೇರಿಯ ಖರ್ಚು ವಿಚಾರಿಸಿ ತಿಳಿಸುವುದಾಗಿಯೂ ಉಳಿದ ಹಣವನ್ನು ಈ ವಾರ ಕಳಿಸುವುದಾಗಿಯೂ ತಾವು ಹೇಳಿದಿರಿ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಇದರಲ್ಲಿ ವ್ಯತ್ಯಾಸವಿದ್ದರೆ ದಯವಿಟ್ಟು ತಿಳಿಸಿ.

"ಎಂದು ನಾನು ಅರ್ಥಮಾಡಿಕೊಂಡಿದ್ದೇನೆ" ಎಂಬುದನ್ನು ಬಿಡಬೇಡಿ. ಫೋನಿನಲ್ಲಿ ಕೇಳಿದ್ದು ನಿಮ್ಮ ಕಿವಿಗೆ ಬಿದ್ದಷ್ಟೇ. ಟೈಲ್ಸ್ ಖರ್ಚು ಯಾರು ಕೊಡಬೇಕು ಎಂಬ ಮಾತು ಆ ಫೋನಿನಲ್ಲಿ ಬಂದಿರಲಿಲ್ಲ, ಅದಕ್ಕೇ ಈ ಎರಡು ಸಾಲಿನಲ್ಲೂ ಅದು ಇಲ್ಲ.